ಅಣ್ಣನ ಮುಂದೆ ಓದೋಕಾಗದ ಪ್ರಾಬ್ಲಮ್ ಸ್ಟೇಟ್‌ಮೆಂಟ್

ನಮ್ಮ ಡಿಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿ ಒಂದು ಕಾಂಪೊನೆಂಟ್ ಕೌಂಟರ್ ಇದೆ. ಆರ್ಡುಯಿನೊ ಬೋರ್ಡು, ಬ್ರೆಡ್‌ಬೋರ್ಡು, ಮಲ್ಟಿಮೀಟರು, ಅಲ್ಟ್ರಾಸಾನಿಕ್ ಸೆನ್ಸರು, ಸರ್ವೋ ಮೋಟರು, ಹೀಗೆ ಪ್ರಾಜೆಕ್ಟಿಗೆ ಬೇಕಾದ್ದನ್ನೆಲ್ಲ ಅಲ್ಲಿಂದ ಎರವಲು ತರ್ತೀವಿ. ಕೌಂಟರ್ ನೋಡಿಕೊಳ್ಳೋದು ಅಟೆಂಡರ್ ಅಣ್ಣ. ಒಂದು ಉದ್ದನೆಯ ರಿಜಿಸ್ಟರಿನಲ್ಲಿ ತಾರೀಖು, ಯುಎಸ್‌ಎನ್, ಹೆಸರು, ವಸ್ತು, ಸಹಿ. ಕೊನೆಯಲ್ಲಿ ವಾಪಸ್ ಕೊಟ್ಟ ತಾರೀಖಿಗೆ ಒಂದು ಕಾಲಂ. ಸಾಫ್ಟ್‌ವೇರ್ ಇಂಜಿನಿಯರಿಂಗ್ ಸಬ್ಜೆಕ್ಟಿನ ಮಿನಿ ಪ್ರಾಜೆಕ್ಟಿಗೆ ನಮ್ಮ ಮೂವರ ತಂಡ ಈ ಕೌಂಟರನ್ನೇ ಆರಿಸಿಕೊಂಡಿತು. ಹೊರಗಿನ ಗಿರಾಕಿ ಇಲ್ಲ, ಮಾರೋದಿಲ್ಲ, ನಮ್ಮ ಮನೆಯೊಳಗಿನ ಬಳಕೆಗೆ ಒಂದು ಚಿಕ್ಕ ಟೂಲ್. ಸುಲಭ ಅಂದುಕೊಂಡೆವು.

ಪ್ರಪೋಸಲಿನ ಮೊದಲ ಎರಡು ಭಾಗ ಪ್ರಾಬ್ಲಮ್ ಸ್ಟೇಟ್‌ಮೆಂಟ್ ಮತ್ತು ಸ್ಕೋಪ್. ಎರಡನ್ನೂ ಕ್ಯಾಂಟೀನಿನಲ್ಲಿ ಕೂತು ಇಪ್ಪತ್ತು ನಿಮಿಷದಲ್ಲಿ ಬರೆದು ಮುಗಿಸಿದ್ವಿ. ಬರೆದದ್ದು ಇಂಗ್ಲಿಷಿನಲ್ಲಿ, ನಾವು ಮೂವರೂ ಇಂಗ್ಲಿಷ್ ಮೀಡಿಯಮ್ಮಿನವರು. (ಈ ಲೇಖನದ ಕಾಗುಣಿತ ತಿದ್ದಿಕೊಟ್ಟ ಸಂಘದ ಗೆಳೆಯರಿಗೆ ಇಲ್ಲೇ ಒಂದು ನಮಸ್ಕಾರ.) ಅದರ ಸಾರ ಇಷ್ಟು: "ಈಗಿರುವ ಮ್ಯಾನುಯಲ್ ಪದ್ಧತಿ ನಿಧಾನ, ತಪ್ಪುಗಳಿಂದ ಕೂಡಿದೆ, ಪಾರದರ್ಶಕವಾಗಿಲ್ಲ. ಆದ್ದರಿಂದ ಆರ್‌ಎಫ್‌ಐಡಿ ಆಧಾರಿತ ವೆಬ್ ಅಪ್ಲಿಕೇಶನ್ ಬೇಕಾಗಿದೆ." ಸೀನಿಯರ್‌ಗಳ ಹತ್ತು ರಿಪೋರ್ಟ್ ತೆಗೆದು ನೋಡಿ, ಹೆಚ್ಚುಕಮ್ಮಿ ಇದೇ ವಾಕ್ಯ ಸಿಗುತ್ತೆ. ಲೈಬ್ರರಿ ಇದ್ದ ಕಡೆ ಹಾಸ್ಟೆಲ್, ಹಾಸ್ಟೆಲ್ ಇದ್ದ ಕಡೆ ಪಾರ್ಕಿಂಗ್, ಅಷ್ಟೇ ವ್ಯತ್ಯಾಸ.

ಗೈಡ್ ಮೇಡಂ ಓದಿ ಎರಡೇ ಪ್ರಶ್ನೆ ಕೇಳಿದರು. "ನಿಧಾನ ಅಂದ್ರೆ ಎಷ್ಟು ನಿಮಿಷ? ನಿಧಾನ ಅಂತ ಹೇಳಿದ್ದು ಯಾರು?" ಎರಡಕ್ಕೂ ನಮ್ಮ ಹತ್ತಿರ ಉತ್ತರ ಇರಲಿಲ್ಲ. ನಾವು ಒಬ್ಬರನ್ನೂ ಕೇಳಿರಲೇ ಇಲ್ಲ. ಆರ್‌ಎಫ್‌ಐಡಿ ಮಾಡೋಣ ಅಂತ ಮೊದಲೇ ಆಸೆ ಇತ್ತು. ಆ ಆಸೆಗೆ ತಕ್ಕ ಸಮಸ್ಯೆಯನ್ನು ಆಮೇಲೆ ಹೊಲಿದಿದ್ದೆವು.

ಸರಿ, ಒಂದು ವಾರ ಕೌಂಟರ್ ಪಕ್ಕ ಸ್ಟೂಲ್ ಹಾಕಿಕೊಂಡು ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಕೂತ್ವಿ. ವಸ್ತು ಕೊಡುವ ಎಂಟ್ರಿಗೆ ಹಿಡಿಯುತ್ತಿದ್ದದ್ದು ಸುಮಾರು 40 ಸೆಕೆಂಡು. ಹುಡುಗರೇ ತಮ್ಮ ಯುಎಸ್‌ಎನ್ ಬರೆದು ಸಹಿ ಹಾಕ್ತಾರೆ, ಅಣ್ಣ ಅಷ್ಟರಲ್ಲಿ ಕಪಾಟಿನಿಂದ ವಸ್ತು ತೆಗೆದು ಇಟ್ಟಿರ್ತಾರೆ. ನಮ್ಮ ವೆಬ್ ಪುಟ ತೆರೆದು ಲಾಗಿನ್ ಆಗೋಕೇ ಅದಕ್ಕಿಂತ ಹೆಚ್ಚು ಹೊತ್ತು ಬೇಕು. "ನಿಧಾನ" ಅನ್ನೋ ಪದವನ್ನು ಅವತ್ತೇ ಹೊಡೆದು ಹಾಕಿದೆವು.

ತೊಂದರೆ ಕಾಣಿಸಿದ್ದು ಸಂಜೆ ನಾಲ್ಕೂವರೆಗೆ. ಲ್ಯಾಬ್ ಬಿಡುತ್ತೆ, ಕಾಲೇಜ್ ಬಸ್ ಹೊರಡೋಕೆ ಹತ್ತು ನಿಮಿಷ ಇರುತ್ತೆ. ಹದಿನೈದು ಇಪ್ಪತ್ತು ಜನ ಒಟ್ಟಿಗೆ ಬಂದು ಬೋರ್ಡುಗಳನ್ನು ಮೇಜಿನ ಮೇಲೆ ಇಟ್ಟು "ಅಣ್ಣಾ, ವಾಪಸ್!" ಅಂತ ಕೂಗಿ ಓಡ್ತಾರೆ. ತಂದವನೇ ವಾಪಸ್ ಕೊಡ್ತಾನೆ ಅಂತಲೂ ಇಲ್ಲ, ಎಷ್ಟೋ ಸಲ ಬರುವುದು ಅವನ ಗೆಳೆಯ. ವಾಪಸ್ ತಾರೀಖು ಬರೆಯಬೇಕಾದರೆ ಮೂರು ವಾರದ ಹಿಂದಿನ ಪುಟದಲ್ಲಿರುವ ಅವನ ಸಾಲನ್ನು ಹುಡುಕಬೇಕು. ಆ ಗಲಾಟೆಯಲ್ಲಿ ಯಾರಿಂದಲೂ ಅದು ಸಾಧ್ಯವಿಲ್ಲ. ಅಣ್ಣ ಬೋರ್ಡುಗಳನ್ನು ಎತ್ತಿ ಕಪಾಟಿಗಿಡ್ತಾರೆ. ಕಾಲಂ ಖಾಲಿ ಉಳಿಯುತ್ತೆ.

ಹಿಂದಿನ ಸೆಮಿಸ್ಟರಿನ ಪುಟಗಳನ್ನೆಲ್ಲ ಎಣಿಸಿದೆವು. ಒಂದು ಸಾಲಿಗೆ ಒಂದು ವಸ್ತು, ಒಟ್ಟು 212 ಸಾಲು. ಅದರಲ್ಲಿ ವಾಪಸ್ ಕಾಲಂ ಖಾಲಿ ಇದ್ದದ್ದು 61. ನಮಗೆ ನಿಧಿ ಸಿಕ್ಕ ಹಾಗಾಯ್ತು. ಪ್ರಾಬ್ಲಮ್ ಸ್ಟೇಟ್‌ಮೆಂಟಿನ ಎರಡನೇ ಕರಡಿನಲ್ಲಿ ಹೆಮ್ಮೆಯಿಂದ ಬರೆದೆವು: "ಒಂದೇ ಸೆಮಿಸ್ಟರಿನಲ್ಲಿ 61 ವಸ್ತುಗಳು ಕಾಣೆಯಾಗಿವೆ."

ಅದು ಅಂಕಿ ಇರುವ ವಾಕ್ಯ, ಮೇಡಂ ಒಪ್ತಾರೆ ಅನ್ನೋ ಧೈರ್ಯ ಇತ್ತು. ಕೊಡೋ ಮೊದಲು ಅಣ್ಣನಿಗೂ ಒಂದು ಸಲ ತೋರಿಸೋಣ ಅಂತ ಹೋದ್ವಿ. ಅವರು ಹಾಳೆ ಹಿಡಿದು ನೋಡಿ, "ಇಂಗ್ಲಿಷು ನನಗೆ ಅಷ್ಟಕ್ಕಷ್ಟೇ, ನೀವೇ ಓದಿ ಹೇಳ್ರಪ್ಪ" ಅಂದರು. ನಾವು ಕನ್ನಡದಲ್ಲಿ ಹೇಳೋಕೆ ಶುರು ಮಾಡಿದ್ವಿ. ಇಂಗ್ಲಿಷಿನಲ್ಲಿ ನಯವಾಗಿ ಕೂತಿದ್ದ ವಾಕ್ಯಗಳು ಬಾಯಿಗೆ ಬರೋಕೇ ಒಲ್ಲೆ ಅಂದವು. "ಎರರ್-ಪ್ರೋನ್" ಅನ್ನೋದನ್ನು ಎದುರಿಗೆ ಕೂತ ಮನುಷ್ಯನಿಗೆ ಹೇಗೆ ಹೇಳೋದು? "ಅಣ್ಣಾ, ನೀವು ತಪ್ಪು ಮಾಡ್ತೀರಿ" ಅಂತಲೇ ಆಗುತ್ತೆ. 61 ವಸ್ತು ಕಾಣೆಯಾಗಿವೆ ಅನ್ನೋದು ಇನ್ನೂ ಕೆಟ್ಟದಾಗಿ ಕೇಳಿಸಿತು. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಈ ಹಾಳೆ ಎಚ್‌ಓಡಿ ಸರ್ ಹತ್ರ ಹೋಗುತ್ತೆ ತಾನೇ? ಕಪಾಟಿನ ಜವಾಬ್ದಾರಿ ನನ್ನದು. ಇದನ್ನ ಓದಿದೋರು ಏನಂತ ತಿಳ್ಕೊತಾರೆ?" ಅಂದರು. ಬೈಲಿಲ್ಲ. ಕಪಾಟಿನ ಕೀಲಿ ತೆಗೆದು, "ಬನ್ನಿ, ಎಣಿಸೋಣ" ಅಂದರು.

ಯುನೋ ಬೋರ್ಡಿನಿಂದಲೇ ಶುರು ಮಾಡಿದ್ವಿ. ಡಿಪಾರ್ಟ್‌ಮೆಂಟಿನಲ್ಲಿ ಇರೋದು ಒಟ್ಟು 40. ರಿಜಿಸ್ಟರಿನ ಲೆಕ್ಕದಲ್ಲಿ 22 ವಾಪಸ್ ಬಂದಿಲ್ಲ, ಅಂದರೆ ಕಪಾಟಿನಲ್ಲಿ 18 ಇರಬೇಕು. ಎಣಿಸಿದರೆ 35 ಇದ್ದವು. ನಿಜವಾಗಿ ಹೋದದ್ದು 5, ಉಳಿದ 17 ವಾಪಸ್ ಬಂದಿವೆ, ಬರೆದಿಲ್ಲ. ಎಲ್ಲ ಬಗೆಯ ವಸ್ತು ಎಣಿಸಿ ಮುಗಿಸುವಾಗ 61ರಲ್ಲಿ ನಿಜವಾದ ಕೊರತೆ 14. ಬಾಕಿ 47 ನಮ್ಮ ಕಣ್ಣ ಮುಂದೆ ಕಪಾಟಿನಲ್ಲೇ ಇದ್ದವು.

ಇಲ್ಲಿ ಇನ್ನೊಂದು ಗಂಟು ಇದೆ, ಅದು ನಮಗೆ ಅಣ್ಣ ಹೇಳೋವರೆಗೂ ಹೊಳೆದಿರಲಿಲ್ಲ. ಆ 22 ಹೆಸರಿನಲ್ಲಿ ಬೋರ್ಡು ಕೊಡದ ಐದು ಜನ ಯಾರು? ಹೇಳೋಕಾಗಲ್ಲ. ಎಲ್ಲ ಬೋರ್ಡೂ ಒಂದೇ ಥರ, ಯಾವುದಕ್ಕೂ ನಂಬರ್ ಇಲ್ಲ. ಹಾಗಾಗಿ ಸೆಮಿಸ್ಟರ್ ಕೊನೆಯಲ್ಲಿ ನೋ-ಡ್ಯೂಸ್ ಸಹಿಗೆ ಬಂದಾಗ 22 ಸಾಲಿನವರನ್ನೂ ನಿಲ್ಲಿಸಬೇಕು. ಕೊಟ್ಟ ಹದಿನೇಳು ಜನ "ಕೊಟ್ಟಿದ್ದೀನಿ ಅಣ್ಣಾ, ದೇವರಾಣೆ" ಅಂತಾರೆ, ಕೊಡದ ಐವರೂ ಅದನ್ನೇ ಹೇಳ್ತಾರೆ. ಹಾಲ್ ಟಿಕೆಟ್ ಹತ್ತಿರ ಬಂದಿರುತ್ತೆ, ಕೆಲವರು ಜಗಳ ಬೇಡ ಅಂತ ಕೊಟ್ಟ ಬೋರ್ಡಿಗೇ ಮತ್ತೆ ದುಡ್ಡು ಕಟ್ಟಿ ಹೋಗ್ತಾರೆ. ಒಂದು ವರ್ಷ ಸ್ಟಾಕ್ ವೆರಿಫಿಕೇಶನ್ ಹೊತ್ತಿಗೆ ಎರಡು ಮಲ್ಟಿಮೀಟರ್ ಲೆಕ್ಕ ತಾಳೆಯಾಗದೆ ಅಣ್ಣನೇ ಕೈಯಿಂದ ಹಾಕಿದ್ದರಂತೆ. ಇದನ್ನೂ ಅವರು ದೂರು ಅಂತ ಹೇಳಲಿಲ್ಲ, ಮಾತಿನ ಮಧ್ಯೆ ಬಂತು ಅಷ್ಟೇ.

ಆ ಹಾಳೆ ಹಾಗೇ ಮೇಲಕ್ಕೆ ಹೋಗಿದ್ದರೆ? ನಮಗೆ ಮಾರ್ಕ್ಸ್ ಬರುತ್ತಿತ್ತು. ಅಣ್ಣನ ಮೇಲೆ 61 ವಸ್ತುಗಳ ಅನುಮಾನ ಉಳಿಯುತ್ತಿತ್ತು, ಅದೂ ಅವರು ಓದಲಾಗದ ಭಾಷೆಯಲ್ಲಿ. ಒಳಬಳಕೆಯ ಟೂಲಿನ ಪ್ರಾಬ್ಲಮ್ ಸ್ಟೇಟ್‌ಮೆಂಟಿಗೆ ಈ ಅಪಾಯ ಯಾವಾಗಲೂ ಇದೆ ಅಂತ ನಮ್ಮ ವಾದ. ಈಗಿನ ಪದ್ಧತಿ ಅಂದರೆ ಯಾರೋ ಒಬ್ಬರ ದಿನದ ಕೆಲಸ. ಆ ಪದ್ಧತಿ ಸರಿಯಿಲ್ಲ ಅಂತ ಬರೆದದ್ದನ್ನು ಓದೋದು ಅವರ ಮೇಲಿನವರು. ಆದ್ದರಿಂದ ನಾವೊಂದು ನಿಯಮ ಮಾಡಿಕೊಂಡಿದ್ದೀವಿ: ಆ ಕೆಲಸ ಮಾಡುವವರ ಎದುರು ಕೂತು, ಅವರ ಭಾಷೆಯಲ್ಲಿ ಓದೋಕಾಗದ ವಾಕ್ಯ ಪ್ರಪೋಸಲಿನಲ್ಲಿ ಇರಬಾರದು. ಇದು ಬರೀ ಮರ್ಯಾದೆಯ ಪ್ರಶ್ನೆ ಅಂದುಕೊಳ್ಳಬೇಡಿ. ಓದಿದ್ದಕ್ಕೇ ನಮ್ಮ 61 ಹೋಗಿ 47 ಮತ್ತು 14 ಆಯ್ತು. ಕಾಣೆಯಾದ ವಸ್ತುಗಳನ್ನು ಹಿಡಿಯುವ ಟೂಲಿಗೂ ಬರೆಯದೆ ಬಿಟ್ಟ ವಾಪಸಾತಿಯನ್ನು ಹಿಡಿಯುವ ಟೂಲಿಗೂ ಅಜಗಜಾಂತರ. ಮೊದಲನೆಯದಕ್ಕೆ ಕ್ಯಾಮೆರಾ, ಆರ್‌ಎಫ್‌ಐಡಿ, ದಂಡ ಅಂತ ಹೊರಡುತ್ತಿದ್ದೆವು. ಎರಡನೆಯದಕ್ಕೆ ಸಂಜೆಯ ಹತ್ತು ನಿಮಿಷ ಸರಿ ಮಾಡಿದರೆ ಸಾಕು.

ಮೂರನೇ ಕರಡು ಹೀಗಿತ್ತು: "ಸಂಜೆ ಲ್ಯಾಬ್ ಬಿಡುವಾಗ ಒಟ್ಟಿಗೆ ಬರುವ ವಾಪಸಾತಿಗಳನ್ನು ಹಳೆಯ ಎಂಟ್ರಿಗೆ ಜೋಡಿಸಲು ಕೌಂಟರಿನಲ್ಲಿ ಸಮಯವೂ ಇಲ್ಲ, ವಸ್ತುಗಳಿಗೆ ಗುರುತೂ ಇಲ್ಲ. ಕಳೆದ ಸೆಮಿಸ್ಟರಿನ 212 ಎರವಲುಗಳಲ್ಲಿ 47 ವಾಪಸ್ ಬಂದಿದ್ದರೂ ಬಾಕಿ ಎಂದೇ ಉಳಿದವು. ಇದರಿಂದ ನೋ-ಡ್ಯೂಸ್ ವೇಳೆ ವಸ್ತು ಕೊಟ್ಟವರು ನಿಲ್ಲಬೇಕಾಗುತ್ತದೆ, ನಿಜವಾಗಿ ಕೊಡದವರು ಯಾರೆಂದು ತಿಳಿಯುವುದಿಲ್ಲ." ಅಣ್ಣನಿಗೆ ಓದಿದೆವು. "ಹೌದು, ಇದೇ" ಅಂದರು.

ಇದರಲ್ಲಿ ಸಾಫ್ಟ್‌ವೇರ್ ಅನ್ನೋ ಪದವೇ ಇಲ್ಲ ನೋಡಿ. ನಮ್ಮಲ್ಲೊಬ್ಬನಿಗೆ ಅದು ಸರಿ ಕಾಣಲಿಲ್ಲ. ಸಾಫ್ಟ್‌ವೇರ್ ಪ್ರಪೋಸಲಿನಲ್ಲಿ ಸಾಫ್ಟ್‌ವೇರ್ ಇಲ್ಲದಿದ್ದರೆ ಹೇಗೆ ಅಂತ. ಆದರೆ ಸಮಸ್ಯೆಯ ವಾಕ್ಯದೊಳಗೆ ಪರಿಹಾರ ಸೇರಿಕೊಂಡರೆ ಬೇರೆ ಪರಿಹಾರ ಯಾರಿಗೂ ಕಾಣೋದಿಲ್ಲ. ನಮ್ಮದರಲ್ಲಿ ಅದು ಇಲ್ಲದ್ದಕ್ಕೇ ಮೇಡಂ, "ಕಂಪ್ಯೂಟರ್ ಇಲ್ಲದೆ ಇದರಲ್ಲಿ ಎಷ್ಟು ಸರಿ ಹೋಗುತ್ತೆ, ಮೊದಲು ಅದನ್ನ ನೋಡಿ" ಅಂದರು. ಬಿಳಿ ಪೇಂಟ್ ಮಾರ್ಕರ್ ತಂದು ಪ್ರತಿ ಯುನೋ ಬೋರ್ಡಿನ ಯುಎಸ್‌ಬಿ ಸಾಕೆಟ್ಟಿನ ಲೋಹದ ಮೇಲೆ ನಂಬರ್ ಬರೆದೆವು. ಅಲ್ಟ್ರಾಸಾನಿಕ್ ಸೆನ್ಸರಿಗೆ ಬೆನ್ನಿನ ಮೇಲೆ, ಮುಂದಿನ ಎರಡು ಕಣ್ಣು ಮುಚ್ಚಬಾರದಲ್ಲ. ರಿಜಿಸ್ಟರಿನಲ್ಲಿ ನಂಬರಿಗೆ ಒಂದು ಕಾಲಂ ಎಳೆದೆವು. ವಾಪಸ್ ಬಂದದ್ದನ್ನು ಕಪಾಟಿಗೆ ಸೇರಿಸುವ ಮೊದಲು ಒಂದು ಟ್ರೇಗೆ ಹಾಕಿ, ಬಸ್ ಹೋದ ಮೇಲೆ ನಿಧಾನವಾಗಿ ಬರೆಯೋದು ಅಂತ ಅಣ್ಣನೇ ಹೇಳಿದರು. ಬೋರ್ಡಿನ ಮೇಲೆ ನಂಬರ್ ಇದ್ದ ಮೇಲೆ ಹುಡುಗ ಓಡಿ ಹೋದರೂ ಚಿಂತೆಯಿಲ್ಲ.

ಎರಡು ವಾರ ಹೀಗೆ ನಡೆಸಿದೆವು. ಪೆನ್ನು ಮತ್ತು ಟ್ರೇಯಲ್ಲೇ ಸಮಸ್ಯೆಯ ದೊಡ್ಡ ಪಾಲು ಹೋಯ್ತು ಅಂತ ಒಪ್ಪಿಕೊಳ್ಳಬೇಕು. ಉಳಿದದ್ದು ಎರಡು ಕೆಲಸ. ಟ್ರೇಯಲ್ಲಿರುವ 23ನೇ ಬೋರ್ಡಿನ ಹಳೆಯ ಸಾಲು ಹುಡುಕೋಕೆ ಈಗಲೂ ಪುಟ ಹಿಂದೆ ತಿರುಗಿಸಬೇಕು. ನೋ-ಡ್ಯೂಸ್‌ಗೆ ಬಂದವನ ಯುಎಸ್‌ಎನ್ ಮೇಲೆ ಏನೇನು ಬಾಕಿ ಇದೆ ಅಂತ ನೋಡೋಕೆ ಇಡೀ ರಿಜಿಸ್ಟರ್ ಮೇಲಿಂದ ಕೆಳಗೆ ಓದಬೇಕು. ಹುಡುಕೋದರಲ್ಲಿ ಕಂಪ್ಯೂಟರ್ ಚೆನ್ನ, ಪುಸ್ತಕ ಕಷ್ಟ. ಅಲ್ಲಿಗೆ ನಮ್ಮ ಟೂಲಿನ ಜಾಗ ಗೊತ್ತಾಯ್ತು.

ಸ್ಕೋಪಿಗೆ ಬರೋಣ. ನಮ್ಮ ಹಳೆಯ ಸ್ಕೋಪ್ ಹೊಟ್ಟೆಬಾಕನ ಊಟದ ಪಟ್ಟಿ ಇದ್ದ ಹಾಗಿತ್ತು. ವಿದ್ಯಾರ್ಥಿ ಲಾಗಿನ್, ಮುಂಗಡ ಬುಕಿಂಗ್, ವಾಟ್ಸ್ಆ್ಯಪ್ ಜ್ಞಾಪನೆ, ದಂಡ, ಡ್ಯಾಶ್‌ಬೋರ್ಡ್, ಕೊನೆಗೆ "ಮುಂದೆ ಎಲ್ಲ ಡಿಪಾರ್ಟ್‌ಮೆಂಟುಗಳಿಗೆ ವಿಸ್ತರಿಸಬಹುದು." ಸ್ಕೋಪ್ ಅಂದರೆ ಮಾಡುವ ಕೆಲಸಗಳ ಪಟ್ಟಿ ಅಂತ ನಾವು ತಿಳಿದಿದ್ದು. ಆದರೆ ನಮ್ಮ ಪಠ್ಯದಲ್ಲೇ ಬರುವ ಐಇಇಇ 830, ಅಂದರೆ 1998ರ ಆ ರಿಕ್ವೈರ್‌ಮೆಂಟ್ ದಾಖಲೆಯ ಮಾರ್ಗಸೂಚಿ, ಸ್ಕೋಪ್ ಭಾಗದಲ್ಲಿ ಸಾಫ್ಟ್‌ವೇರ್ ಏನು ಮಾಡುತ್ತೆ ಅನ್ನೋದರ ಜೊತೆಗೆ ಅಗತ್ಯವಿದ್ದರೆ ಏನು ಮಾಡೋದಿಲ್ಲ ಅನ್ನೋದನ್ನೂ ಬರೆಯಿರಿ ಅನ್ನುತ್ತೆ. ಆ ಮಾರ್ಗಸೂಚಿಯ ಜಾಗಕ್ಕೆ 2011ರಲ್ಲಿ 29148 ಅನ್ನೋ ಹೊಸದು ಬಂದಿದೆ, ನೋಟ್ಸಿನಲ್ಲಿ ಮಾತ್ರ ಹಳೆಯದೇ ನಡೀತಿದೆ, ಇರಲಿ. ಆ "ಮಾಡೋದಿಲ್ಲ" ಅನ್ನೋ ಅರ್ಧವನ್ನು ನಾವು ನೋಡಿದ ಯಾವ ರಿಪೋರ್ಟೂ ಬರೆದಿಲ್ಲ.

ನಾವು ಬರೆಯೋಕೆ ಕೂತಾಗ "ಮಾಡುತ್ತೆ" ಅನ್ನೋ ಕಡೆ ಮೂರೇ ಸಾಲು ಬಂತು. ನಂಬರ್ ಇರುವ ಐದು ಬಗೆಯ ವಸ್ತುಗಳ ಎರವಲು ಮತ್ತು ವಾಪಸಾತಿ ದಾಖಲಿಸೋದು. ವಸ್ತುವಿನ ನಂಬರ್ ಹೊಡೆದರೆ ಅದರ ತೆರೆದ ಸಾಲು ತೋರಿಸಿ ಮುಚ್ಚೋದು. ಯುಎಸ್‌ಎನ್ ಹೊಡೆದರೆ ಆ ವಿದ್ಯಾರ್ಥಿಯ ಬಾಕಿ ತೋರಿಸೋದು. ಒಂದು ಕೌಂಟರ್, ಒಂದು ಕಂಪ್ಯೂಟರ್, ಬಳಸೋರು ಅಣ್ಣ ಒಬ್ಬರೇ.

"ಮಾಡೋದಿಲ್ಲ" ಅನ್ನೋ ಕಡೆಗೇ ಹೆಚ್ಚು ಹೊತ್ತು ಹಿಡಿಯಿತು, ಯಾಕಂದ್ರೆ ಪ್ರತಿಯೊಂದಕ್ಕೂ ಕಾರಣ ಬರೀಬೇಕು. ರೆಸಿಸ್ಟರ್, ಎಲ್‌ಇಡಿ, ಜಂಪರ್ ವೈರ್ ಲೆಕ್ಕ ಇಡೋದಿಲ್ಲ. ಅವು ಮುರಿಯುತ್ತವೆ, ಸುಡುತ್ತವೆ, ವಾಪಸ್ ಬರೋ ವಸ್ತುಗಳೇ ಅಲ್ಲ. ದಂಡ ಹಾಕೋದಿಲ್ಲ. ದುಡ್ಡು ಬಂದ ಕೂಡಲೇ ರಸೀದಿ, ಅಕೌಂಟ್ಸ್ ಆಫೀಸು, ಯಾರಿಗೆ ಮಾಫಿ ಅನ್ನೋ ನಿಯಮ ಎಲ್ಲ ಬರುತ್ತೆ, ಅದನ್ನು ತೀರ್ಮಾನಿಸೋ ಅಧಿಕಾರ ನಮಗೂ ಇಲ್ಲ, ಅಣ್ಣನಿಗೂ ಇಲ್ಲ. ವಾಟ್ಸ್ಆ್ಯಪ್ ಜ್ಞಾಪನೆ ಇಲ್ಲ. ಮರೆತು ಇಟ್ಟುಕೊಂಡವರಿಂದ ಆದ ಕೊರತೆ ಹೆಚ್ಚೆಂದರೆ 14, ನಮ್ಮ ಸಮಸ್ಯೆ ಆ 47. ಆರ್‌ಎಫ್‌ಐಡಿ ಇಲ್ಲ. ಲ್ಯಾಬಿನ ಚಿಕ್ಕ ರೀಡರ್ ಕೆಲವೇ ಸೆಂಟಿಮೀಟರ್ ದೂರದಿಂದ ಓದುತ್ತೆ, ಸಾಮಾನ್ಯ ಸ್ಟಿಕರ್ ಟ್ಯಾಗನ್ನು ಬೋರ್ಡಿನ ತಾಮ್ರಕ್ಕೆ ಅಂಟಿಸಿದರೆ ಅದೂ ಕೈಕೊಡುತ್ತೆ. ಎರಡಂಕಿಯ ನಂಬರ್ ಕಣ್ಣಿಗೇ ಕಾಣುವಾಗ ಅದರ ಹಂಗೇಕೆ.

ಇನ್ನೊಂದು ಗೆರೆಯನ್ನು ಮೇಡಂ ಹಾಕಿಸಿದರು. ಮಾಡೋದಿಲ್ಲ ಅನ್ನೋದರಲ್ಲೇ ಎರಡು ಜಾತಿ ಇದೆ, "ಈ ಸೆಮಿಸ್ಟರಿನಲ್ಲಿ ಇಲ್ಲ" ಮತ್ತು "ಈ ಟೂಲಿನಲ್ಲಿ ಯಾವತ್ತೂ ಇಲ್ಲ." ಪಕ್ಕದ ಲ್ಯಾಬಿಗೆ ವಿಸ್ತರಿಸೋದು ಮೊದಲನೆಯದು. ದಂಡ ಎರಡನೆಯದು. ಇವನ್ನು ಬೇರೆ ಮಾಡದಿದ್ದರೆ ಓದೋರು ಎಲ್ಲವನ್ನೂ "ಮುಂದಿನ ತಿಂಗಳು ಬರುತ್ತೆ" ಅಂತಲೇ ಓದಿಕೊಳ್ತಾರೆ. ನಮಗಿದು ಬೇಗನೇ ಉಪಯೋಗಕ್ಕೆ ಬಂತು. ರಿವ್ಯೂ ದಿನ ಬೇರೆ ಡಿಪಾರ್ಟ್‌ಮೆಂಟಿನ ಸರ್ ಒಬ್ಬರು "ನಮ್ಮ ಲ್ಯಾಬಿಗೂ ಮಾಡಿಬಿಡಿ, ಏನು ಮಹಾ" ಅಂದರು. ನಾವು ಹಾಳೆಯಲ್ಲಿದ್ದ ಸಾಲನ್ನೇ ತೋರಿಸಿದೆವು: ಅಲ್ಲಿನ ವಸ್ತುಗಳಿಗೆ ನಂಬರ್ ಬರೆದು, ಒಂದು ಸಲ ಕಪಾಟು ಎಣಿಸಿ ಮುಗಿದ ಮೇಲೆ. ಸರ್ "ಓ, ನಂಬರ್ ಬರೀಬೇಕಾ" ಅಂದು ಅಲ್ಲಿಗೆ ಬಿಟ್ಟರು.

ಸ್ಕೋಪಿನಲ್ಲಿ ಎಲ್ಲರೂ ಮರೆಯುವ ಇನ್ನೊಂದು ಜಾಗ, ನಾವು ಹೋದ ಮೇಲಿನ ದಿನಗಳು. ಪಾಸಾದ ಸೀನಿಯರ್‌ಗಳ ಟೂಲ್‌ಗಳು ಈ ಕ್ಯಾಂಪಸ್ಸಿನಲ್ಲಿ ಎಷ್ಟು ಬದುಕಿವೆ ಅಂತ ಎಣಿಸೋಕೆ ಕೈಬೆರಳು ಬೇಡ. ಪಾಸ್‌ವರ್ಡ್ ಯಾರ ಹತ್ತಿರ ಇತ್ತೋ ಅವರು ಬೆಂಗಳೂರಲ್ಲೋ ಪುಣೆಯಲ್ಲೋ ಇರ್ತಾರೆ. ಅದಕ್ಕೇ ಡೇಟಾ ಎಲ್ಲ ಕೌಂಟರಿನ ಕಂಪ್ಯೂಟರಿನಲ್ಲೇ ಒಂದೇ ಫೈಲಿನಲ್ಲಿ ಇರುತ್ತೆ, ಪ್ರತಿ ಶನಿವಾರ ಬಾಕಿ ಪಟ್ಟಿ ಪ್ರಿಂಟ್ ಆಗಿ ರಿಜಿಸ್ಟರಿಗೆ ಅಂಟುತ್ತೆ ಅಂತ ಬರೆದೆವು. ಕರೆಂಟ್ ಹೋದರೆ, ಕಂಪ್ಯೂಟರ್ ಕೆಟ್ಟರೆ, ಟೂಲೇ ಸತ್ತರೆ, ನಂಬರ್ ಕಾಲಂ ಇರುವ ಪುಸ್ತಕಕ್ಕೆ ವಾಪಸ್ ಹೋಗಬಹುದು. ಹಳೆಯ ರಿಜಿಸ್ಟರ್ ಪೂರ್ತಿ ಟೈಪ್ ಮಾಡೋದಿಲ್ಲ, ಶುರು ಮಾಡುವ ದಿನ ತೆರೆದಿರುವ ಸಾಲುಗಳನ್ನು ಮಾತ್ರ ಏರಿಸ್ತೀವಿ.

ಕೆಲಸ ಆಯ್ತೋ ಇಲ್ಲವೋ ಅಂತ ಹೇಗೆ ಗೊತ್ತಾಗುತ್ತೆ ಅಂತಲೂ ಒಂದು ಸಾಲು ಹಾಕಿದ್ದೀವಿ. ಸೆಮಿಸ್ಟರಿನ ಕೊನೆಗೆ ಟೂಲಿನ ಬಾಕಿ ಪಟ್ಟಿ ಹಿಡಿದು ಕಪಾಟಿನ ಮುಂದೆ ನಿಲ್ಲೋದು. ಪಟ್ಟಿಯಲ್ಲಿ ಹೊರಗಿದೆ ಅಂತ ಇರುವ ನಂಬರ್ ಕಪಾಟಿನಲ್ಲಿ ಸಿಕ್ಕರೆ ಅದೊಂದು ತಪ್ಪು ಬಾಕಿ. ಅಂಥವು 47ರಿಂದ 5ಕ್ಕೆ ಅಥವಾ ಅದಕ್ಕಿಂತ ಕೆಳಗೆ ಬಂದಿರಬೇಕು. ನಂಬರ್ ಇರೋದರಿಂದ ಅರ್ಧ ಗಂಟೆಯಲ್ಲಿ ಯಾರು ಬೇಕಾದರೂ ಎಣಿಸಿ ನೋಡಬಹುದು, ನಮ್ಮ ಮಾತು ನಂಬಬೇಕಾಗಿಲ್ಲ.

ಇಷ್ಟೆಲ್ಲ ಆದ ಮೇಲೆ ನಮ್ಮದು ಎರಡು ಪರದೆಯ ಟೂಲ್. ಪಕ್ಕದ ತಂಡದ್ದು ಹದಿನಾಲ್ಕು ಫೀಚರ್. ಮೌಲ್ಯಮಾಪನದ ಹಾಳೆಯಲ್ಲಿ ಹೊಸತನಕ್ಕೆ ಮಾರ್ಕ್ಸ್ ಇದೆ, ಫೀಚರಿಗೆ ಇದೆ, ಏನು ಬಿಟ್ಟಿರಿ, ಯಾಕೆ ಬಿಟ್ಟಿರಿ ಅನ್ನೋದಕ್ಕೆ ಕಾಲಂ ಇಲ್ಲ. ಬಿಟ್ಟದ್ದಕ್ಕೂ ಮಾರ್ಕ್ಸ್ ಕೊಡೋವರೆಗೆ ಎಲ್ಲರೂ ಆ ಹೊಟ್ಟೆಬಾಕನ ಪಟ್ಟಿಯನ್ನೇ ಬರೀತಾರೆ, ನಾವೂ ಮೊದಲು ಅದನ್ನೇ ಬರೆದವರು. ಸಮಸ್ಯೆಯ ಭಾಗಕ್ಕೆ ಕೊಡುವ ಐದು ಮಾರ್ಕ್ಸಲ್ಲಿ ಎರಡನ್ನು ಆ ಟೂಲ್ ಬಳಸಬೇಕಾದವರೇ ಕೊಡಲಿ, ಅವರಿಗೆ ಕನ್ನಡದಲ್ಲಿ ಓದಿ ಹೇಳಿದ ಮೇಲೆ. ಇದನ್ನು ರಿವ್ಯೂ ದಿನವೂ ಹೇಳಿದ್ದೀವಿ, ನಗು ಬಂತು, ಉತ್ತರ ಬಂದಿಲ್ಲ.

ಪ್ರಪೋಸಲಿಗೆ ಹೋದ ವಾರ ಸಹಿ ಬಿತ್ತು. ಅಣ್ಣ ಒಂದು ತಿದ್ದುಪಡಿ ಹೇಳಿದ್ದಾರೆ: ವಾಪಸಾತಿ ಪರದೆಯಲ್ಲಿ ನಂಬರ್ ಹೊಡೆಯುವ ಜಾಗ ದೊಡ್ಡದಾಗಿರಬೇಕು, ಸಂಜೆ ಹೊತ್ತು ಕನ್ನಡಕ ಬ್ಯಾಗಿನಲ್ಲಿರುತ್ತೆ. ಅದನ್ನು ಸ್ಕೋಪಿನ ನಾಲ್ಕನೇ ಸಾಲಾಗಿ ಸೇರಿಸಿದ್ದೀವಿ.